53 ಎಂಬುದು 5.3 ಆದ ಬಗೆ

ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದರೆ ಕೋಪರ್, ದಿವಾ ಆಗಿ ಮೂರನೆಯ ಸ್ಟೇಷನ್ನೇ ಮುಂಬ್ರಾ. ಎರಡು ವರ್ಷಗಳಿಂದ ತಿಂಗಳಿಗೊಂದೆರಡು ಭಾನುವಾರ ನಾನು ಅಲ್ಲಿ ಇಳಿಯುತ್ತೇನೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಧರ್ಮಾರ್ಥ ದವಾಖಾನೆ ಇದೆ. ಅಲ್ಲಿನ ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ನಾನು ಕೈ ಜೋಡಿಸಿದ್ದೇನೆ. ವಾರವಿಡೀ ಐರೋಳಿಯ ಆಫೀಸಿನಲ್ಲಿ ಮಾಡುವುದೂ ಡೇಟಾದ ಕೆಲಸವೇ, ಹಾಗಾಗಿ ಇದೇನು ಮಹಾ ಎಂದುಕೊಂಡಿದ್ದೆ. ಈ ಬಾರಿಯ ಆಡಿಟ್‌ನಲ್ಲಿ ಸಿಕ್ಕ ಒಂದು ದಾಖಲೆ ಆ ಎಣಿಕೆಯನ್ನು ಇಳಿಸಿತು. ತಪ್ಪಿನ ಮೂಲ ನಾನೇ ಬರೆದ ಫಾರ್ಮ್ ಆದ್ದರಿಂದ ಇಲ್ಲಿ ಯಾರನ್ನೂ ದೂರುವಂತಿಲ್ಲ.

ಕೆಲಸದ ಕ್ರಮ ಹೀಗಿದೆ. ರೋಗಿಗಳು ತಮ್ಮ ಲ್ಯಾಬ್ ರಿಪೋರ್ಟಿನ ಫೋಟೋ ತೆಗೆದು ದವಾಖಾನೆಯ ಫೋನಿಗೆ ವಾಟ್ಸಾಪ್ ಮಾಡುತ್ತಾರೆ. ಕೌಸಾದ ಕಡೆಯಿಂದ ಬರುವ ಒಬ್ಬ ಕಾಲೇಜು ಹುಡುಗಿ ಅದನ್ನು ನೋಡಿ ಟೈಪ್ ಮಾಡುತ್ತಾಳೆ. ವರ್ಷಕ್ಕೆರಡು ಸಲ ನಾನು ಕುಳಿತು, ಟೈಪ್ ಆದದ್ದು ಫೋಟೋದಲ್ಲಿ ಇರುವುದೇ ಹೌದೋ ಅಲ್ಲವೋ ಎಂದು ಪರಿಶೀಲಿಸುತ್ತೇನೆ. ನನಗೆ ಬರುವ ಫೋಟೋಗಳಲ್ಲಿ ಹೆಸರು, ಫೋನ್ ನಂಬರ್ ಇರುವ ಮೇಲ್ಭಾಗವನ್ನು ಮುಚ್ಚಿರುತ್ತಾರೆ. ದಾಖಲೆ ಸಂಖ್ಯೆ, ವಯಸ್ಸು, ಲಿಂಗ, ತಾರೀಕು ಇಷ್ಟೇ ಕಾಣುವುದು.

ಎಲ್ಲ ಫೋಟೋಗಳನ್ನೂ ಒಂದೊಂದಾಗಿ ತೆಗೆದು ನೋಡುವುದು ಆಗದ ಮಾತು. ಆದ್ದರಿಂದ ಮೊದಲು ಅಂಕಿಗಳೇ ತಮ್ಮೊಳಗೆ ಜಗಳವಾಡುತ್ತಿರುವ ದಾಖಲೆಗಳನ್ನು ಹುಡುಕುತ್ತೇನೆ. ಲ್ಯಾಬ್ ರಿಪೋರ್ಟಿನಲ್ಲಿ ಇದಕ್ಕೆ ಅವಕಾಶ ಬೇಕಾದಷ್ಟಿದೆ, ಏಕೆಂದರೆ ಅದರ ಕೆಲವು ಅಂಕಿಗಳು ಅಳೆದವಲ್ಲ, ಬೇರೆ ಅಂಕಿಗಳಿಂದ ಲೆಕ್ಕ ಹಾಕಿದವು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಅನ್ನು ಬಹಳಷ್ಟು ಲ್ಯಾಬ್‌ಗಳು ನೇರವಾಗಿ ಅಳೆಯುವುದಿಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಿಂದ ಅದನ್ನು ಪಡೆಯುತ್ತಾರೆ. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರವನ್ನು ಬಳಸಬಾರದು. ನನ್ನ ಹುಡುಕಾಟ ಇಷ್ಟೇ:

```
SELECT rec_no, tc, hdl, tg, ldl
FROM lipid
WHERE tg < 400
  AND ABS(tc - hdl - tg/5.0 - ldl) > 0.1 * ldl;
```

ನೇರವಾಗಿ ಎಲ್‌ಡಿಎಲ್ ಅಳೆಯುವ ಲ್ಯಾಬ್‌ಗಳ ರಿಪೋರ್ಟುಗಳೂ ಈ ಬಲೆಗೆ ಬೀಳುತ್ತವೆ. ಆದ್ದರಿಂದ ಬಲೆಗೆ ಬಿದ್ದದ್ದೆಲ್ಲ ತಪ್ಪಲ್ಲ, ಫೋಟೋ ತೆಗೆದು ನೋಡಬೇಕಾದದ್ದು ಅಷ್ಟೇ. ಹಾಗೆ ಬಿದ್ದವುಗಳಲ್ಲಿ ಒಂದು, 52 ವರ್ಷದ ಗಂಡಸಿನದು. ಒಟ್ಟು ಕೊಲೆಸ್ಟರಾಲ್ 54, ಎಚ್‌ಡಿಎಲ್ 10, ಟ್ರೈಗ್ಲಿಸರೈಡ್ 21, ಎಲ್‌ಡಿಎಲ್ 34. ಸೂತ್ರದ ಪ್ರಕಾರ ಎಲ್‌ಡಿಎಲ್ 39.8 ಬರಬೇಕಿತ್ತು. ಅದಕ್ಕಿಂತ ಮೊದಲೇ, ಐವತ್ತು ದಾಟಿದವರ ಒಟ್ಟು ಕೊಲೆಸ್ಟರಾಲ್ 54 ಎಂದರೆ ಹುಬ್ಬೇರಬೇಕು. ಕಂಪ್ಯೂಟರ್ ಅದರ ಪಕ್ಕದಲ್ಲಿ ‘ಕಡಿಮೆ’ ಎಂದು ಗುರುತು ಹಾಕಿಯೂ ಇತ್ತು. ಆದರೆ ಕೊಲೆಸ್ಟರಾಲ್ ಕಡಿಮೆ ಇದೆ ಎಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಅದೇ ವ್ಯಕ್ತಿಯ ಉಳಿದ ಅಂಕಿಗಳನ್ನು ನೋಡಿದೆ. ಖಾಲಿ ಹೊಟ್ಟೆಯ ಸಕ್ಕರೆ 78. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಶೇಕಡಾ 5.3. ಕಿಡ್ನಿಯ ಕ್ರಿಯಾಟಿನಿನ್ 0.97. ಹಿಮೋಗ್ಲೋಬಿನ್ 13.8. ವಿಟಮಿನ್ ಡಿ 42. ಎಲ್ಲವೂ ವ್ಯಾಪ್ತಿಯೊಳಗೆ, ಎಲ್ಲಕ್ಕೂ ಹಸಿರು ಬಣ್ಣ. ಸಕ್ಕರೆಯ ಎರಡು ಅಂಕಿಗಳೂ ಪರಸ್ಪರ ಹೊಂದುತ್ತಿದ್ದವು.

ಆಮೇಲೆ ಫೋಟೋ ತೆರೆದೆ. ರಿಪೋರ್ಟು ಗಲ್ಫಿನ ಒಂದು ಲ್ಯಾಬಿನದು. ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ ಕಾಗದ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ತೆಗೆದ ಫೋಟೋ. ಮಡಿಕೆ ಬಿದ್ದದ್ದು ಸರಿಯಾಗಿ ಯೂನಿಟ್ ಕಾಲಮ್ಮಿನ ಮೇಲೆ. ಅಂಕಿಗಳು ಮಾತ್ರ ಸ್ಪಷ್ಟವಾಗಿದ್ದವು: ಸಕ್ಕರೆ 7.8, ಎಚ್‌ಬಿಎ1ಸಿ 53, ಕ್ರಿಯಾಟಿನಿನ್ 97, ಹಿಮೋಗ್ಲೋಬಿನ್ 138, ಕೊಲೆಸ್ಟರಾಲ್ 5.4, ಎಚ್‌ಡಿಎಲ್ 1.0, ಟ್ರೈಗ್ಲಿಸರೈಡ್ 2.1, ಎಲ್‌ಡಿಎಲ್ 3.4, ವಿಟಮಿನ್ ಡಿ 42.

ಅಂಕಿಗಳೆಲ್ಲ ಅವೇ. ವಿಟಮಿನ್ ಡಿ ಒಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ಚುಕ್ಕಿ ಮಾತ್ರ ಜಾಗ ಬದಲಿಸಿತ್ತು.

ಹುಡುಗಿಯನ್ನು ಕೇಳಿದೆ. ಅವಳು ಹೆದರಲಿಲ್ಲ, ನೇರವಾಗಿಯೇ ಹೇಳಿದಳು: "ಭೈಯಾ, 53 ಹೊಡೆದರೆ ಕೆಂಪು ಬರುತ್ತದೆ, ಸೇವ್ ಆಗುವುದಿಲ್ಲ. ಫೋಟೋದಲ್ಲಿ ಚುಕ್ಕಿ ಅಳಿಸಿ ಹೋಗಿರಬೇಕು ಅಂತ 5.3 ಹಾಕಿದೆ. ಹಿಮೋಗ್ಲೋಬಿನ್ನಿಗೂ ಹಾಗೇ ಆಗುತ್ತದೆ, 138 ತಗೊಳ್ಳುವುದಿಲ್ಲ. 13.8 ಹಾಕಿದರೆ ಡಾಕ್ಟರೇ ಸರಿ ಅಂದಿದ್ದರು."

ಆ ಕೆಂಪು ಬರುವಂತೆ ಮಾಡಿದವನು ನಾನು. ಎರಡು ವರ್ಷದ ಹಿಂದೆ ಫಾರ್ಮ್ ಬರೆಯುವಾಗ, ಅಸಾಧ್ಯವಾದ ಅಂಕಿಗಳು ಒಳಗೆ ಬರದಿರಲಿ ಎಂದು ಗಡಿಗಳನ್ನು ಹಾಕಿದ್ದೆ. ಎಚ್‌ಬಿಎ1ಸಿ 3ರಿಂದ 20ರ ಒಳಗೆ, ಕ್ರಿಯಾಟಿನಿನ್ 25ರ ಒಳಗೆ, ಸಕ್ಕರೆ 20ಕ್ಕಿಂತ ಹೆಚ್ಚು, ಹೀಗೆ. ಯೂನಿಟ್ಟನ್ನು ಟೈಪ್ ಮಾಡುವ ಜಾಗವನ್ನೇ ಕೊಟ್ಟಿರಲಿಲ್ಲ. ಪ್ರತಿ ಪರೀಕ್ಷೆಯ ಮುಂದೆ ನಮ್ಮ ಕಡೆ ವಾಡಿಕೆಯ ಯೂನಿಟ್ ಅಚ್ಚಾಗಿ ಕೂತಿತ್ತು. ಪಕ್ಕದಲ್ಲೇ ‘ಸಾಮಾನ್ಯ ವ್ಯಾಪ್ತಿ’ಯೂ ಕಾಣುತ್ತಿತ್ತು. ಬಾಗಿಲು ಮುಚ್ಚಿ, ಒಳಗೆ ಬರಲು ಅಂಕಿ ಹೇಗಿರಬೇಕು ಎಂಬುದನ್ನೂ ಬಾಗಿಲ ಮೇಲೆ ಬರೆದಿಟ್ಟ ಹಾಗಾಯಿತು. ಕ್ರಿಯಾಟಿನಿನ್ 97ಕ್ಕೆ 9.7 ಎಂದು ಹೊಡೆದಿದ್ದರೂ ಸೇವ್ ಆಗುತ್ತಿತ್ತು, ಆದರೆ ಪಕ್ಕದಲ್ಲಿ 0.7ರಿಂದ 1.3 ಎಂದು ಕಾಣುವಾಗ ಯಾರಾದರೂ 0.97 ಎಂದೇ ಹೊಡೆಯುತ್ತಾರೆ.

ಇನ್ನು ಯೂನಿಟ್ಟಿನ ಮಾತು. ನಮ್ಮ ದೇಶದ ಲ್ಯಾಬ್‌ಗಳು ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ ಆ ವಸ್ತು ಎಷ್ಟು ಮಿಲಿಗ್ರಾಂ ಇದೆ ಎಂದು ಹೇಳುತ್ತವೆ, ಅಂದರೆ mg/dL. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಮತ್ತು ಗಲ್ಫಿನ ಹಲವು ಲ್ಯಾಬ್‌ಗಳಲ್ಲಿ ತೂಕದ ಬದಲು ಅಣುಗಳ ಲೆಕ್ಕ, mmol/L. ತೂಕದಿಂದ ಅಣುಗಳ ಲೆಕ್ಕಕ್ಕೆ ಹೋಗಲು ಆ ಅಣು ಎಷ್ಟು ಭಾರ ಎಂದು ಗೊತ್ತಿರಬೇಕು, ಅದು ಪ್ರತಿ ವಸ್ತುವಿಗೂ ಬೇರೆ. ಗ್ಲೂಕೋಸಿನ ಅಣುತೂಕ 180, ಆದ್ದರಿಂದ 1 mmol/L ಎಂದರೆ 18 mg/dL. ಕೊಲೆಸ್ಟರಾಲಿಗೆ ಆ ಗುಣಕ 38.67. ಟ್ರೈಗ್ಲಿಸರೈಡಿಗೆ 88.57. ಕ್ರಿಯಾಟಿನಿನ್ ಇನ್ನೂ ಸಣ್ಣ ಪ್ರಮಾಣದಲ್ಲಿರುವುದರಿಂದ ಅದನ್ನು ಮೈಕ್ರೋಮೋಲಿನಲ್ಲಿ ಹೇಳುತ್ತಾರೆ, 88.4ರಿಂದ ಭಾಗಿಸಿದರೆ ನಮ್ಮ ಅಂಕಿ ಬರುತ್ತದೆ. ಎಚ್‌ಬಿಎ1ಸಿಗೆ ಬರೀ ಗುಣಾಕಾರವೂ ಸಾಲದು. mmol/mol ಅಂಕಿಯನ್ನು 0.09148ರಿಂದ ಗುಣಿಸಿ 2.15 ಕೂಡಿಸಬೇಕು.

ಹಿಮೋಗ್ಲೋಬಿನ್ ಮಾತ್ರ ಎರಡೂ ಕಡೆ ತೂಕದ್ದೇ ಲೆಕ್ಕ. ಅಲ್ಲಿ ಲೀಟರಿಗೆ ಗ್ರಾಂ, ಇಲ್ಲಿ ಡೆಸಿಲೀಟರಿಗೆ ಗ್ರಾಂ. ಹತ್ತು ಡೆಸಿಲೀಟರಿಗೆ ಒಂದು ಲೀಟರು, ಹಾಗಾಗಿ ಚುಕ್ಕಿ ಸರಿಸಿದರೆ ಅದೇ ಸರಿಯಾದ ಪರಿವರ್ತನೆ. ಆ ಹುಡುಗಿ ಕಲಿತ ಪಾಠ ಹಿಮೋಗ್ಲೋಬಿನ್ನಿನ ಮಟ್ಟಿಗೆ ನೂರಕ್ಕೆ ನೂರು ನಿಜ. ಅದು ಅಲ್ಲಿ ನಿಜವಾದದ್ದರಿಂದಲೇ ಉಳಿದ ಕಡೆಯೂ ನಂಬಿಕೆಗೆ ಬಂತು.

ಈಗ ಆ ದಾಖಲೆಯನ್ನು ಸರಿಯಾಗಿ ಲೆಕ್ಕ ಹಾಕೋಣ. ಸಕ್ಕರೆ 7.8 ಅನ್ನು 18ರಿಂದ ಗುಣಿಸಿದರೆ 140. ಖಾಲಿ ಹೊಟ್ಟೆಯಲ್ಲಿ 126 ಮತ್ತು ಅದಕ್ಕಿಂತ ಮೇಲೆ ಎಂದರೆ ಸಕ್ಕರೆ ಕಾಯಿಲೆಯ ಗಡಿ. ಎಚ್‌ಬಿಎ1ಸಿ 53 ಎಂದರೆ ಶೇಕಡಾ 7.0, ಅಲ್ಲಿನ ಗಡಿ 6.5. ನಮ್ಮ ಕಂಪ್ಯೂಟರಿನಲ್ಲಿ 78 ಮತ್ತು 5.3 ಎಂದು ಹಸಿರಾಗಿ ಕುಳಿತಿದ್ದವು ಸಕ್ಕರೆ ಕಾಯಿಲೆ ಇರುವ ಮನುಷ್ಯನ ಅಂಕಿಗಳು. ಕ್ರಿಯಾಟಿನಿನ್ 97 ಎಂದರೆ 1.1, 0.97 ಎಂದು ತಪ್ಪಾಗಿ ಹೊಡೆದದ್ದರಿಂದ ಈ ಸಲ ಹಾನಿಯಾಗಲಿಲ್ಲ, ಏಕೆಂದರೆ 88.4 ಎಂಬುದು ನೂರಕ್ಕೆ ಹತ್ತಿರದ ಸಂಖ್ಯೆ. ಅದೂ ಅದೃಷ್ಟವೇ.

ಯೂನಿಟ್ ಕಾಲಮ್ ಮಡಿಕೆಯಲ್ಲಿ ಹೋಗಿದ್ದಾಗ ಇವು mmol/L ಎಂದು ನನಗೆ ಹೇಗೆ ಖಾತ್ರಿಯಾಯಿತು ಎಂದು ಕೇಳಬಹುದು. ಮೊದಲ ಸಾಕ್ಷಿ ಆ ಲ್ಯಾಬೇ ಅಚ್ಚು ಹಾಕಿದ ವ್ಯಾಪ್ತಿ. ಸಕ್ಕರೆಯ ಎದುರು 3.9–5.5 ಎಂದಿತ್ತು, ಕ್ರಿಯಾಟಿನಿನ್ ಎದುರು 62–106. ಯೂನಿಟ್ ಅಳಿಸಿದರೂ ವ್ಯಾಪ್ತಿ ಅದನ್ನು ಹೇಳಿಬಿಡುತ್ತದೆ. ಎರಡನೆಯ ಸಾಕ್ಷಿ ಎಲ್‌ಡಿಎಲ್ ಲೆಕ್ಕ. mmol/L ನಲ್ಲಿ ಟ್ರೈಗ್ಲಿಸರೈಡನ್ನು ಐದರಿಂದಲ್ಲ, 2.2ರಿಂದ ಭಾಗಿಸಬೇಕು. ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡಿನ ಗುಣಕಗಳು ಬೇರೆಬೇರೆಯಾದ್ದರಿಂದ ಯೂನಿಟ್ ಬದಲಾದರೆ ಸೂತ್ರವೂ ಬದಲಾಗುತ್ತದೆ. 5.4ರಲ್ಲಿ 1.0 ಕಳೆದು, 2.1 ಭಾಗಿಸು 2.2 ಅಂದರೆ 0.95 ಕಳೆದರೆ 3.45. ಕಾಗದದ ಮೇಲೆ 3.4 ಇದೆ. ಎಲ್ಲವನ್ನೂ ಹತ್ತರಿಂದ ಗುಣಿಸಿ ಚುಕ್ಕಿ ಸರಿಸಿದಾಗ ಸೂತ್ರದಲ್ಲಿ ಐದು ಹಾಗೇ ಉಳಿದಿತ್ತು. ಲೆಕ್ಕ ಕೆಟ್ಟದ್ದು ಅಲ್ಲಿ, ನನ್ನ ಬಲೆಗೆ ಬಿದ್ದದ್ದೂ ಅದಕ್ಕೇ. ಕೊಲೆಸ್ಟರಾಲ್ ಪರೀಕ್ಷೆ ಮಾಡಿಸದೆ ಬರೀ ಸಕ್ಕರೆ ಪರೀಕ್ಷೆ ಮಾಡಿಸಿದ್ದರೆ ಈ ದಾಖಲೆ ನನಗೆ ಸಿಗುತ್ತಲೇ ಇರಲಿಲ್ಲ.

ವಿಟಮಿನ್ ಡಿ 42ರ ಕಥೆ ಇನ್ನೂ ನಯವಾದದ್ದು. ಅಲ್ಲಿ ಹುಡುಗಿ ಏನನ್ನೂ ಬದಲಿಸಿರಲಿಲ್ಲ. ನಮ್ಮ ಫಾರ್ಮಿನ ವ್ಯಾಪ್ತಿ 30–100, ಯೂನಿಟ್ ng/mL. 42 ಆರಾಮವಾಗಿ ಒಳಗೆ ಕೂತಿತು, ಯಾವ ಕೆಂಪೂ ಬರಲಿಲ್ಲ. ಆದರೆ ಫೋಟೋದಲ್ಲಿ ಅದರ ಪಕ್ಕ ಒಂದು ಸಣ್ಣ L ಇತ್ತು, ಅಂದರೆ ಕಡಿಮೆ. ವ್ಯಾಪ್ತಿ 75–250 ಎಂದಿತ್ತು, ಅದು nmol/L. 42 ಅನ್ನು 2.5ರಿಂದ ಭಾಗಿಸಿದರೆ ಸುಮಾರು 17, ಅಂದರೆ ಕೊರತೆ. ಆಡಿಟ್ ಮಾಡುವವರಿಗೆ ಅತಿ ಕಷ್ಟದ ತಪ್ಪು ಇದೇ. ಯೂನಿಟ್ ತಪ್ಪಿದಾಗ ಅಂಕಿ ಅಸಾಧ್ಯವಾಗಿ ಕಂಡರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಬೇರೆ ಯೂನಿಟ್ಟಿನ ವ್ಯಾಪ್ತಿಯೊಳಗೆ ಸರಿಯಾಗಿ ಹೊಂದಿಕೊಂಡು ಕೂತರೆ ಯಾವ ಗಡಿಯೂ ಅದನ್ನು ಹಿಡಿಯದು. ಹಿಡಿಯುವುದು ಆ ಕಾಗದದ L ಮಾತ್ರ. ಲ್ಯಾಬ್ ಕಡಿಮೆ ಎಂದಿದೆ, ನಮ್ಮ ಕಂಪ್ಯೂಟರ್ ಸರಿ ಎನ್ನುತ್ತಿದೆ ಎಂದಾದರೆ ಇಬ್ಬರಲ್ಲಿ ಒಬ್ಬರು ಬೇರೆ ಭಾಷೆ ಮಾತಾಡುತ್ತಿದ್ದಾರೆ ಎಂದೇ ಅರ್ಥ. ಆವತ್ತಿನಿಂದ ಅಚ್ಚಾದ H ಅಥವಾ L ಗುರುತನ್ನೂ ಟೈಪ್ ಮಾಡಿಸುತ್ತಿದ್ದೇನೆ. ಅದಕ್ಕೊಂದು ಕಾಲಮ್ ಇರಬೇಕೆಂದು ನನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಈಗಲೂ ಬೇಸರವಾಗುತ್ತದೆ.

ಫೋಟೋ ಓದುವುದರಲ್ಲೂ ಕೆಲವು ಪಟ್ಟುಗಳಿವೆ. ಓರೆ ಫೋಟೋದಲ್ಲಿ ಕಣ್ಣು ಒಂದು ಸಾಲು ಜಾರಿ, ಮೇಲಿನ ಪರೀಕ್ಷೆಯ ಅಂಕಿಗೆ ಕೆಳಗಿನ ಪರೀಕ್ಷೆಯ ಯೂನಿಟ್ ಅಂಟಿಕೊಳ್ಳುತ್ತದೆ. ಅದಕ್ಕೆ ಮೊದಲು ಫೋಟೋವನ್ನು ನೇರ ಮಾಡಿ, ಪ್ರತಿ ಕಾಲಮ್ಮಿನ ಸಾಲುಗಳನ್ನು ಎಣಿಸುತ್ತೇನೆ; ಎಣಿಕೆ ಸಮವಾಗದಿದ್ದರೆ ಎಲ್ಲೋ ಒಂದು ಸಾಲು ನುಂಗಿ ಹೋಗಿದೆ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುವಾಗ ಸಣ್ಣ ಚುಕ್ಕಿ ನಿಜವಾಗಿಯೂ ಮಾಯವಾಗುವುದುಂಟು, µ ಎಂಬುದು m ನಂತೆ ಕಾಣುವುದೂ ಉಂಟು. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ರೋಗಿಗಳಿಗೆ ಹೇಳಿದರೆ ಆ ತೊಂದರೆ ಬಹುಪಾಲು ತಪ್ಪುತ್ತದೆ.

ಅದೇ ಕಾಗದದಲ್ಲಿ ಕೆಂಪು ರಕ್ತಕಣಗಳ ಎಣಿಕೆ 4.7ಓ 1.7ಓ ಎಂದು ತಿಳಿಯದಂತಿತ್ತು. ಇಲ್ಲೂ ಲೆಕ್ಕ ನೆರವಿಗೆ ಬರುತ್ತದೆ. ಹೆಮಾಟೋಕ್ರಿಟ್ 41, ಕಣದ ಸರಾಸರಿ ಗಾತ್ರ ಎಂಸಿವಿ 87 ಎಂದು ಸ್ಪಷ್ಟವಾಗಿ ಇತ್ತು. 41 ಅನ್ನು ಹತ್ತರಿಂದ ಗುಣಿಸಿ 4.7ರಿಂದ ಭಾಗಿಸಿದರೆ 87, 1.7ರಿಂದ ಭಾಗಿಸಿದರೆ 241, ಅಂಥ ರಕ್ತಕಣ ಇಲ್ಲ. ಆದರೂ ಲೆಕ್ಕದಿಂದ ಬಂದ 4.7 ಅನ್ನು ನಾನು ಓದಿದ ಅಂಕಿ ಎಂದು ಬರೆಯಲಿಲ್ಲ. ‘ಅಸ್ಪಷ್ಟ, ಲೆಕ್ಕದಿಂದ 4.7’ ಎಂದು ಟಿಪ್ಪಣಿ ಹಾಕಿ ಮೂಲ ಕಾಗದ ತರಿಸಲು ಹೇಳಿದೆ. ಊಹಿಸಿ ತುಂಬುವ ಚಾಳಿಯಿಂದಲೇ ಅಲ್ಲವೇ ಈ ಕಥೆ ಶುರುವಾದದ್ದು!

ಯೂನಿಟ್ ಬೇರೆ ಕಂಡ ಮಾತ್ರಕ್ಕೆ ಪರಿವರ್ತನೆ ಮಾಡಲು ಹೊರಡುವುದೂ ಅಪಾಯ. ಥೈರಾಯ್ಡಿನ ಟಿಎಸ್‌ಎಚ್ ಒಂದು ಕಡೆ µIU/mL, ಇನ್ನೊಂದು ಕಡೆ mIU/L ಎಂದಿರುತ್ತದೆ. ಎರಡೂ ಒಂದೇ, ಮೇಲೂ ಸಾವಿರ, ಕೆಳಗೂ ಸಾವಿರ, ಅಂಕಿ ಬದಲಾಗುವುದಿಲ್ಲ. ಸೋಡಿಯಮ್, ಪೊಟಾಸಿಯಮ್‌ಗಳಲ್ಲಿ mEq/L ಮತ್ತು mmol/L ಒಂದೇ, ಆದರೆ ಕ್ಯಾಲ್ಸಿಯಮ್‌ನಲ್ಲಿ ಒಂದೇ ಅಲ್ಲ, ಎರಡರ ವ್ಯತ್ಯಾಸವಿದೆ. ಪ್ಲೇಟ್‌ಲೆಟ್ಟಿನಲ್ಲಂತೂ ನಮ್ಮ ಲಕ್ಷದ ಲೆಕ್ಕ ಬೇರೆ ಸೇರಿಕೊಳ್ಳುತ್ತದೆ. 2.45 ಲಕ್ಷ, 245 ಸಾವಿರ, 2,45,000 ಮೂರೂ ಒಂದೇ. ಸಾವಿರದ ಲೆಕ್ಕದ ಜಾಗದಲ್ಲಿ ಯಾರಾದರೂ 2.45 ಎಂದು ಹೊಡೆದರೆ, ಮಳೆಗಾಲದ ಡೆಂಗಿ ದಿನಗಳಲ್ಲಿ ಒಂದು ಮನೆಯವರೆಲ್ಲ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ.

ವ್ಯಾಪ್ತಿಯ ಹೊರಗಿರುವುದು ಎಂದರೆ ತಪ್ಪು ಎಂದೂ ಅಲ್ಲ, ರೋಗ ಎಂದೂ ಅಲ್ಲ. ಆರೋಗ್ಯವಂತರ ರಕ್ತ ಅಳೆದು ನಡುವಿನ ಶೇಕಡಾ 95 ಜನರ ಅಂಕಿಗಳನ್ನು ವ್ಯಾಪ್ತಿ ಎನ್ನುವುದು ರೂಢಿ. ಅಂದರೆ ಆರೋಗ್ಯವಂತರಲ್ಲೇ ಇಪ್ಪತ್ತಕ್ಕೊಬ್ಬರು ಹೊರಗೆ ಬೀಳುತ್ತಾರೆ. ಬೆಳೆಯುವ ಮಕ್ಕಳಿಗೆ ಎಲುಬಿನಿಂದಾಗಿ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿರುವುದು ಸಹಜ, ದೊಡ್ಡವರ ವ್ಯಾಪ್ತಿ ಹಚ್ಚಿದರೆ ಬಹುತೇಕ ಮಕ್ಕಳಿಗೆ ಕೆಂಪು ಗುರುತು ಬರುತ್ತದೆ. ಆದ್ದರಿಂದ ಆಡಿಟ್‌ನಲ್ಲಿ ನನ್ನ ಪ್ರಶ್ನೆ ‘ಅಂಕಿ ಹೊರಗಿದೆಯೇ’ ಎಂಬುದಲ್ಲ. ಈ ಕಾಗದದ ವ್ಯಾಪ್ತಿ, ಈ ವಯಸ್ಸು, ಈ ಯೂನಿಟ್, ಈ ಗುರುತು ಒಂದಕ್ಕೊಂದು ಒಪ್ಪುತ್ತವೆಯೇ ಎಂಬುದು.

ಆ ಭಾನುವಾರವೇ ಡಾಕ್ಟರಿಗೆ ಹೇಳಿದೆ. ರೋಗಿಗೆ ಫೋನ್ ಮಾಡುವುದು ನನ್ನ ಕೆಲಸವಲ್ಲ, ಅವರ ಹೆಸರೂ ನನಗೆ ಗೊತ್ತಿಲ್ಲ. ಸಿಸ್ಟರ್ ಮಾಡಿದರು. ಬುಧವಾರ ಡಾಕ್ಟರು ನನಗೆ ತಿಳಿಸಿದ್ದು ಇಷ್ಟು: ಅವರಿಗೆ ಗಲ್ಫಿನಲ್ಲೇ ಸಕ್ಕರೆ ಇದೆ ಎಂದು ಗುಳಿಗೆ ಬರೆದುಕೊಟ್ಟಿದ್ದರಂತೆ. ಊರಿಗೆ ಬಂದ ಮೇಲೆ ನಮ್ಮ ದವಾಖಾನೆಯಿಂದ ಪ್ರಿಂಟ್ ಮಾಡಿ ಕೊಟ್ಟ ಹೆಲ್ತ್ ಕಾರ್ಡಿನಲ್ಲಿ 5.3 ಎಂದು ನೋಡಿ, ವಾಸಿಯಾಯಿತು ಅಂದುಕೊಂಡು ಎರಡು ತಿಂಗಳಿಂದ ಗುಳಿಗೆ ನಿಲ್ಲಿಸಿದ್ದರಂತೆ. ಹೊಸದಾಗಿ ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ನಾನು ಆ ಮೆಸೇಜನ್ನು ಐರೋಳಿಯ ಆಫೀಸಿನ ಕ್ಯಾಂಟೀನಿನಲ್ಲಿ ಓದಿದೆ. ಊಟ ಅರ್ಧಕ್ಕೇ ಬಿಟ್ಟೆ.

ಫಾರ್ಮ್ ಬದಲಿಸಲು ಮೂರು ಸಂಜೆ ಹಿಡಿಯಿತು. ಈಗ ಯೂನಿಟ್ ಮೊದಲೇ ತುಂಬಿರುವುದಿಲ್ಲ, ಕಾಗದ ನೋಡಿ ಆರಿಸಬೇಕು. ‘ಕಾಣುತ್ತಿಲ್ಲ’ ಎಂಬ ಆಯ್ಕೆಯೂ ಇದೆ. ಅಂಕಿ, ಯೂನಿಟ್, ವ್ಯಾಪ್ತಿ, ಗುರುತು ನಾಲ್ಕನ್ನೂ ಅಚ್ಚಾದ ಹಾಗೆಯೇ ಒಂದು ಕಡೆ ಉಳಿಸಿ, ಪರಿವರ್ತನೆ ಮಾಡಿದ ಅಂಕಿಯನ್ನು ಬೇರೆ ಕಾಲಮ್ಮಿನಲ್ಲಿ ಇಡುತ್ತದೆ. ಅಸಾಧ್ಯವೆನಿಸುವ ಅಂಕಿಗೆ ಈಗಲೂ ಎಚ್ಚರಿಕೆ ಬರುತ್ತದೆ, ಆದರೆ ಸೇವ್ ಆಗುತ್ತದೆ, ನನ್ನ ಪಟ್ಟಿಗೆ ಬಂದು ಬೀಳುತ್ತದೆ. ಹುಡುಗಿ ಪ್ರಯೋಗಕ್ಕೆಂದು 53 ಹೊಡೆದು ನೋಡಿ, "ಇದು ಮೊದಲೇ ಹೀಗಿದ್ದಿದ್ದರೆ ನಾನ್ಯಾಕೆ ಬದಲಿಸುತ್ತಿದ್ದೆ ಭೈಯಾ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಹಳೆಯ ದಾಖಲೆಗಳಲ್ಲಿ ಹೊರದೇಶದ ಲ್ಯಾಬಿನವನ್ನು ಪ್ರತ್ಯೇಕಿಸಿ ಎಲ್ಲ ಫೋಟೋಗಳನ್ನೂ ಮತ್ತೆ ನೋಡುತ್ತಿದ್ದೇವೆ. ಚುಕ್ಕಿ ಸರಿದವು ಇನ್ನೂ ಕೆಲವು ಸಿಕ್ಕಿವೆ. ಯೂನಿಟ್, ವ್ಯಾಪ್ತಿ ಎರಡೂ ಫೋಟೋದಿಂದ ಕತ್ತರಿಸಿ ಹೋಗಿ, ಬರೀ ‘ವಿಟಮಿನ್ ಡಿ 42’ ರಂಥ ಒಂದೇ ಸಾಲು ಉಳಿದಿರುವವೂ ಇವೆ. ಅವುಗಳಿಗೆ ಯಾವ ಲೆಕ್ಕವೂ ಸಾಕ್ಷಿ ಹೇಳದು. ಅಂಥವಕ್ಕೆಲ್ಲ ‘ಯೂನಿಟ್ ತಿಳಿಯದು’ ಎಂದು ಬರೆದು, ಹೆಲ್ತ್ ಕಾರ್ಡಿನಲ್ಲಿ ಆ ಸಾಲನ್ನು ಖಾಲಿ ಬಿಟ್ಟಿದ್ದೇವೆ. ಮೂಲ ಕಾಗದ ತನ್ನಿ ಎಂದು ಸಿಸ್ಟರ್ ಒಬ್ಬೊಬ್ಬರಿಗಾಗಿ ಫೋನ್ ಮಾಡುತ್ತಿದ್ದಾರೆ.